ನೀರಿನ ಸಮಿತಿಯ ಸಭಾ ವರದಿಯನ್ನು ಅಮ್ಮನಿಗಾಗಿ ಬರೆದ ಬಗೆ

ಕಾಸರಗೋಡಿನ ಪೆರ್ಲ ಕಡೆಯ ನಮ್ಮ ಊರಿನಲ್ಲಿ ಕೆಲವು ಮನೆಗಳು ಸೇರಿ ಕುಡಿಯುವ ನೀರಿನ ಸಮಿತಿಯೊಂದನ್ನು ನಡೆಸುತ್ತೇವೆ. ಸಭೆಯ ನಡವಳಿಯನ್ನು ಬರೆಯುವ ಕೆಲಸ ನನ್ನದು. ಸಂಪರ್ಕ ಇರುವುದು ಅಮ್ಮನ ಹೆಸರಿನಲ್ಲಿ, ಮೊಣಕಾಲು ನೋವಿನಿಂದಾಗಿ ಅವರು ಸಭೆಗೆ ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವರಾದ ಕಾರಣ ಅಕ್ಷರದ ತೊಂದರೆ ಅವರಿಗಿಲ್ಲ. ತೊಂದರೆ ಇರುವುದು ನಾವು ಬರೆಯುವ ವಾಕ್ಯದಲ್ಲಿ. ಹಾಗಾಗಿ ಅವರಿಗೆಂದೇ ನಡವಳಿಯನ್ನು ಬೇರೊಂದು ಹಾಳೆಯಲ್ಲಿ ಸರಳವಾಗಿ ಬರೆದು ಕೊಡುತ್ತೇನೆ. ಬೇಸಗೆಗೆ ಮುಂಚಿನ ಸಭೆಯ ನಡವಳಿಯಿಂದ ಒಂದು ವಾಕ್ಯವನ್ನು ಇದ್ದ ಹಾಗೆಯೇ ಕೊಡುತ್ತೇನೆ:

"ವಿದ್ಯುತ್ ಶುಲ್ಕದ ಏರಿಕೆ ಹಾಗೂ ಪಂಪಿನ ದುರಸ್ತಿ ವೆಚ್ಚವನ್ನು ಪರಿಗಣಿಸಿ ಫಲಾನುಭವಿಗಳ ಮಾಸಿಕ ಶುಲ್ಕವನ್ನು ಮಾರ್ಚ್ ತಿಂಗಳಿನಿಂದ ಅನ್ವಯವಾಗುವಂತೆ ರೂ. 100ರಿಂದ ರೂ. 130ಕ್ಕೆ ಪರಿಷ್ಕರಿಸಲು ಮತ್ತು ಬಾಕಿ ಮೊತ್ತವನ್ನು ಮಾರ್ಚ್ 10ರೊಳಗೆ ಪಾವತಿಸದವರ ಸಂಪರ್ಕ ಕಡಿತಗೊಳಿಸುವ ಬಗ್ಗೆ ಮುಂದಿನ ಸಭೆಯಲ್ಲಿ ಪರಿಶೀಲಿಸಲು ತೀರ್ಮಾನಿಸಲಾಯಿತು."

ದಾಖಲೆಯಾಗಿ ಇದರಲ್ಲಿ ದೋಷವಿಲ್ಲ. ಆದರೆ ಓದುವವರು ಪರಿಗಣಿಸಿ, ಅನ್ವಯವಾಗುವಂತೆ, ಪರಿಷ್ಕರಿಸಲು, ಪಾವತಿಸದವರ, ಕಡಿತಗೊಳಿಸುವ, ಪರಿಶೀಲಿಸಲು ಎಂಬ ಆರು ಅರೆಕ್ರಿಯೆಗಳನ್ನು ಕೊನೆಯ "ತೀರ್ಮಾನಿಸಲಾಯಿತು" ಬರುವ ತನಕ ತಲೆಯಲ್ಲಿ ಹೊತ್ತುಕೊಂಡಿರಬೇಕು. ಅಷ್ಟರಲ್ಲಿ ಯಾವುದು ನಿಶ್ಚಯವಾಯಿತು, ಯಾವುದು ಮುಂದಕ್ಕೆ ಹೋಯಿತು ಎಂಬುದು ಕಲಸಿ ಹೋಗಿರುತ್ತದೆ. ಓದಿನ ಸುಲಭತೆಯನ್ನು ಅಳೆಯಲು ಇಂಗ್ಲಿಷಿಗೆ ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರವು ಒಂದು ವಾಕ್ಯದಲ್ಲಿ ಎಷ್ಟು ಪದ, ಒಂದು ಪದದಲ್ಲಿ ಎಷ್ಟು ಉಚ್ಚಾರಾಂಶ ಎಂದು ಎಣಿಸುತ್ತದೆ. ಕನ್ನಡದಲ್ಲಿ ಆ ಲೆಕ್ಕ ನಡೆಯುವುದಿಲ್ಲ. "ಕೊಡಬೇಕಾಗಿಲ್ಲ" ಎಂಬುದು ಉದ್ದದ ಪದವಾದರೂ ಯಾರಿಗೂ ಕಷ್ಟವಲ್ಲ, "ಜಾರಿ" ಎಂಬುದು ಎರಡೇ ಅಕ್ಷರವಾದರೂ ಅಮ್ಮನಿಗೆ ತಟ್ಟನೆ ಹಿಡಿಯುವುದಿಲ್ಲ. ಆದ್ದರಿಂದ ನಾನು ಪದಗಳ ಬದಲು ಕ್ರಿಯೆಗಳನ್ನು ಎಣಿಸುತ್ತೇನೆ. ಒಂದು ವಾಕ್ಯಕ್ಕೆ ಒಂದು ಕ್ರಿಯೆ, ಹೆಚ್ಚೆಂದರೆ ಎರಡು.

ಆದರೂ ವಾಕ್ಯ ಮುರಿಯುವುದು ಎರಡನೆಯ ಕೆಲಸ. ಮೊದಲು ನಡವಳಿಯ ಪ್ರತಿಯೊಂದು ಅಂಶದ ಪಕ್ಕದಲ್ಲಿ ಪೆನ್ಸಿಲಿನಿಂದ ಮೂರರಲ್ಲಿ ಒಂದು ಗುರುತು ಹಾಕುತ್ತೇನೆ: ನಿಶ್ಚಯವಾದದ್ದು, ಬರೀ ಮಾತಾಡಿದ್ದು, ಅಮ್ಮ ಮಾಡಬೇಕಾದದ್ದು. ಸರಳಗೊಳಿಸುವಾಗ ಅತಿ ಸುಲಭವಾಗಿ ಕೆಡುವುದು ಈ ವ್ಯತ್ಯಾಸವೇ. "ಪರಿಶೀಲಿಸಲು ತೀರ್ಮಾನಿಸಲಾಯಿತು" ಎಂಬುದನ್ನು ಚಿಕ್ಕದು ಮಾಡುವ ಭರದಲ್ಲಿ "ಬಾಕಿ ಇಟ್ಟವರ ನೀರು ಕಡಿಯುತ್ತಾರೆ" ಎಂದು ಬರೆದರೆ ವಾಕ್ಯ ಸರಳವಾಗುತ್ತದೆ, ಸುದ್ದಿ ಸುಳ್ಳಾಗುತ್ತದೆ, ನಾಳೆ ಬೆಳಗಾಗುವಷ್ಟರಲ್ಲಿ ಆ ಸುದ್ದಿ ನೆರೆಮನೆಗೂ ತಲುಪಿರುತ್ತದೆ. ಸೂಚಿಸಿದವರು, ಅನುಮೋದಿಸಿದವರು, ಹಾಜರಾತಿ, ವಂದನಾರ್ಪಣೆ ಇವುಗಳಿಗೆ ಯಾವ ಗುರುತೂ ಬೀಳುವುದಿಲ್ಲ, ಅವು ಅಮ್ಮನ ಹಾಳೆಗೆ ಬರುವುದೂ ಇಲ್ಲ.

ಮೇಲಿನ ವಾಕ್ಯ ಅಮ್ಮನ ಹಾಳೆಯಲ್ಲಿ ಹೀಗಾಯಿತು:

"ಮಾರ್ಚ್ ತಿಂಗಳಿನಿಂದ ನೀರಿಗೆ 130 ರೂಪಾಯಿ ಕೊಡಬೇಕು. ಈಗ ಕೊಡುತ್ತಿರುವುದು 100 ರೂಪಾಯಿ. ಕರೆಂಟಿನ ಬಿಲ್ಲು ಹೆಚ್ಚಾಗಿದೆ. ಪಂಪು ರಿಪೇರಿ ಮಾಡಿಸಿದ ಖರ್ಚೂ ಇದೆ. ಕೆಲವು ಮನೆಯವರು ಹಣ ಬಾಕಿ ಇಟ್ಟಿದ್ದಾರೆ. ಅವರು ಮಾರ್ಚ್ 10ರ ಒಳಗೆ ಕೊಡಬೇಕು. ಕೊಡದಿದ್ದರೆ ಏನು ಮಾಡುವುದು ಎಂದು ಇನ್ನೂ ನಿಶ್ಚಯ ಮಾಡಿಲ್ಲ. ನಮ್ಮ ಮನೆಯ ಬಾಕಿ ಏನೂ ಇಲ್ಲ."

ಕೊನೆಯ ವಾಕ್ಯ ನಡವಳಿಯಲ್ಲಿಲ್ಲ. ಅದನ್ನು ನಾನಾಗಿಯೇ ಸೇರಿಸಿದೆ, ಏಕೆಂದರೆ ಬಾಕಿಯ ಮಾತು ಓದಿದ ಕೂಡಲೇ ವಯಸ್ಸಾದವರಿಗೆ ಮೂಡುವ ಮೊದಲ ಸಂಶಯ "ನಮ್ಮದೂ ಇದೆಯೋ" ಎಂಬುದೇ. ಒಟ್ಟಿನಲ್ಲಿ ಹಾಳೆ ಮೂಲಕ್ಕಿಂತ ಚಿಕ್ಕದಾಗಲೇಬೇಕೆಂಬ ನಿಯಮವಿಲ್ಲ. ಈ ಭಾಗ ಮೂಲಕ್ಕಿಂತ ತುಸು ಉದ್ದವೇ ಆಯಿತು.

ಹೆಚ್ಚು ಯೋಚನೆ ಬೇಕಾದದ್ದು ನೀರು ಬಿಡುವ ದಿನಗಳ ವಿಷಯಕ್ಕೆ. ಗುಡ್ಡದ ಮೇಲಿನ ಲೈನಿಗೆ "ದಿನ ಬಿಟ್ಟು ದಿನ" ನೀರು ಎಂದು ಸಭೆಯಲ್ಲಿ ಆಯಿತು. ಕೇಳಲು ಇದಕ್ಕಿಂತ ಸರಳವಾದ ಮಾತಿಲ್ಲ. ಆದರೆ ವಾರಕ್ಕೆ ಏಳು ದಿನ ಇರುವುದರಿಂದ ಆ ಲೆಕ್ಕ ವಾರದಿಂದ ವಾರಕ್ಕೆ ಬದಲಾಗುತ್ತದೆ, ಎಣಿಕೆ ಯಾವ ದಿನದಿಂದ ಎಂಬುದೂ ಅದರಲ್ಲಿಲ್ಲ. ಪಂಪು ಬಿಡುವವರನ್ನು ಕೇಳಿದಾಗ ಅವರು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಸೋಮ, ಬುಧ, ಶುಕ್ರ ಎಂದು ತಿಳಿಯಿತು. ಹಾಗಾಗಿ "ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರೂವರೆಗೆ ನೀರು ಬರುತ್ತದೆ. ಬೇರೆ ನಾಲ್ಕು ದಿನ ಬರುವುದಿಲ್ಲ. ಇದು ಮಾರ್ಚ್ 2, ಸೋಮವಾರದಿಂದ ಶುರು" ಎಂದು ಬರೆದೆ. ತಾರೀಕಿನ ಜೊತೆಗೆ ವಾರವನ್ನು ಯಾವಾಗಲೂ ಬರೆಯುತ್ತೇನೆ, ಅಮ್ಮನ ದಿನ ನಡೆಯುವುದು ವಾರದ ಲೆಕ್ಕದಲ್ಲಿ.

ಹೊಸ ಬೋರ್‌ವೆಲ್ ಕೊರೆಸುವ ಚರ್ಚೆಯೂ ನಡವಳಿಯಲ್ಲಿತ್ತು. ಅಲ್ಲಿ ಅಂತರ್ಜಲ ಎಂದರೇನು ಎಂದು ವಿವರಿಸಲು ನಾನು ಹೋಗಲಿಲ್ಲ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಿನಲ್ಲಿ ತೋಟ ಮಾಡಿದವರಿಗೆ ಯಾವ ತಿಂಗಳಲ್ಲಿ ಒರತೆ ಸೊರಗುತ್ತದೆ ಎಂದು ಸಮಿತಿಗಿಂತ ಚೆನ್ನಾಗಿ ಗೊತ್ತು. ಭಾಷೆಯನ್ನು ಹಗುರ ಮಾಡಬೇಕೇ ಹೊರತು ಗೊತ್ತಿದ್ದ ವಿಷಯವನ್ನು ಹೇಳಿಕೊಡಬಾರದು. "ಹೊಸ ಬೋರ್‌ವೆಲ್ ಬೇಕೇ ಎಂದು ಮಾತಾಡಿದರು. ನಿಶ್ಚಯ ಆಗಿಲ್ಲ. ನಿಮಗೆ ಬೇಡ ಅನಿಸಿದರೆ ಮುಂದಿನ ಸಭೆಗೆ ಮೊದಲು ಹೇಳಬಹುದು" ಎಂಬಷ್ಟೇ ಸಾಕಾಯಿತು. ಅಣ್ಣನ ಮಗಳು ನಾಲ್ಕನೆಯ ತರಗತಿಯವಳು, ಅವಳಿಗಾಗಿ ಬರೆದದ್ದರಲ್ಲಿ ಮಾತ್ರ ಕ್ರಮ ತಿರುಗಿತು. ಹಣದ ಮಾತು ಬಿಟ್ಟು, ಮೇಲಿನ ಮನೆಗೆ ನೀರು ಏರಿಸಲು ಪಂಪು ಏಕೆ ಹೆಚ್ಚು ಹೊತ್ತು ಓಡಬೇಕು ಎಂಬುದರಿಂದ ಶುರುಮಾಡಬೇಕಾಯಿತು.

ಅಚ್ಚಿನ ವಿಷಯದಲ್ಲಿ ಒಂದು ಮಾತು. ಅಕ್ಷರದ ಗಾತ್ರವನ್ನು 18 ಪಾಯಿಂಟಿಗೆ ಏರಿಸಿದರೆ ಸಾಲದು, ಸಾಲುಗಳ ನಡುವಿನ ಅಂತರವನ್ನೂ ಒಂದೂವರೆ ಪಟ್ಟು ಮಾಡಬೇಕು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅಂತರ ಕಡಿಮೆಯಾದರೆ "ನಿಶ್ಚಯ"ದ ಚ-ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಪೊರೆ ಬಂದ ಕಣ್ಣಿಗೆ ಎರಡೂ ಒಂದೇ ಗೆರೆಯಾಗಿ ಕಾಣುತ್ತವೆ. ಎರಡೂ ಅಂಚುಗಳನ್ನು ಸಮ ಮಾಡುವ ಜೋಡಣೆಯನ್ನೂ ಬಿಟ್ಟಿದ್ದೇನೆ. ನಮ್ಮ ಪದಗಳು ಉದ್ದವಾದ್ದರಿಂದ ಅದರಲ್ಲಿ ಪದಗಳ ನಡುವೆ ದೊಡ್ಡ ಖಾಲಿ ಜಾಗ ಬೀಳುತ್ತದೆ.

ಹಾಳೆ ಕೊಟ್ಟ ಮೇಲೆ "ಅರ್ಥವಾಯಿತಾ ಅಮ್ಮ?" ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ "ಹೂಂ" ಎಂಬುದರ ಹೊರತು ಬೇರೆ ಉತ್ತರ ಬರುವುದಿಲ್ಲ. "ಇನ್ನು ಬಟ್ಟೆ ಒಗೆಯುವುದು ಯಾವಾಗ?" ಎಂದು ಕೇಳಿದೆ. "ಮಂಗಳವಾರ ಬೇಡ, ಬುಧವಾರಕ್ಕೆ ಇಡುವ. ಶುಕ್ರವಾರ ದೊಡ್ಡ ಹಂಡೆ ತುಂಬಿಸಬೇಕು, ಮತ್ತೆ ಎರಡು ದಿನ ನೀರಿಲ್ಲವಲ್ಲ" ಎಂದರು. ಶನಿವಾರ, ಆದಿತ್ಯವಾರ ಒಟ್ಟಿಗೆ ನೀರಿಲ್ಲ ಎಂದು ಹಾಳೆಯಲ್ಲಿ ಬರೆದಿರಲಿಲ್ಲ, ಅವರೇ ಲೆಕ್ಕ ಹಾಕಿದ್ದರು. ಹಣದ ಬಗ್ಗೆ ಕೇಳಿದಾಗ "ಫೆಬ್ರವರಿಯದ್ದು ನೂರೇ ಅಲ್ಲವೇ?" ಎಂಬ ಮರುಪ್ರಶ್ನೆ ಬಂತು. ಉತ್ತರ ಹೌದು ಎಂದೇ ಇದ್ದರೂ, ಪ್ರಶ್ನೆ ಹುಟ್ಟಿದ ಜಾಗದಲ್ಲಿ "ಫೆಬ್ರವರಿಗೆ 100 ರೂಪಾಯಿಯೇ" ಎಂಬ ಸಾಲನ್ನು ಕೈಯಲ್ಲಿಯೇ ಬರೆದು ಸೇರಿಸಿದೆ.

ಈ ಹಾಳೆಯ ಅಡಿಯಲ್ಲಿ "ಇದು ಓದುವುದಕ್ಕೆ ಮಾತ್ರ. ಸಹಿ ಹಾಕುವುದು ಸಮಿತಿಯ ಪುಸ್ತಕದಲ್ಲಿ" ಎಂದು ಬರೆದಿರುತ್ತೇನೆ. ತಕರಾರು ಬಂದರೆ ನಿಲ್ಲುವುದು ನಡವಳಿ ಪುಸ್ತಕದ ಮಾತೇ. ಆದ್ದರಿಂದ ಅಮ್ಮನ ಸಹಿ ಬೇಕಾದಾಗ ಪುಸ್ತಕವನ್ನೇ ಮನೆಗೆ ತಂದು, ಹಾಳೆಯನ್ನು ಪಕ್ಕದಲ್ಲಿಟ್ಟು, ಯಾವ ವಾಕ್ಯಕ್ಕೆ ಯಾವುದು ಎಂದು ತೋರಿಸಿದ ಮೇಲೆ ಪೆನ್ನು ಕೊಡುತ್ತೇನೆ.