ಹಾಲ್ ಫೋಟೊದಲ್ಲಿ ಸೋಫಾ ಕೂರಿಸುವುದು ಹೇಗೆ?

ಸೋಫಾ ಕೊಳ್ಳುವ ಮೊದಲು ಹಾಲ್‌ನಲ್ಲಿ ಅದು ಹೇಗೆ ಕಾಣುತ್ತೆ ಅಂತ ನೋಡುವ ಆಸೆ ಅತ್ತಿಗೆಗೆ. ಹಾಲ್ ಫೋಟೊ ಕಳಿಸಿ, ಅಂಗಡಿಯ ಸೋಫಾ ಚಿತ್ರವನ್ನೂ ಕಳಿಸಿದರು. ನಾನು ಸೋಫಾವನ್ನು ಕತ್ತರಿಸಿ, ಕಣ್ಣಳತೆಯಲ್ಲೇ ಹಿಗ್ಗಿಸಿ ಕುಗ್ಗಿಸಿ ಅಂಟಿಸಿದೆ. ನೋಡಿದರೆ ಸೋಫಾ ಗಾಳಿಯಲ್ಲಿ ತೇಲುತ್ತಿತ್ತು. ಪಕ್ಕದ ಬಾಗಿಲು ಕುಳ್ಳರ ಮನೆಯದಿರಬೇಕು ಅನ್ನಿಸುವಂತಿತ್ತು. ಎರಡನೇ ಸಲ ಟೇಪು ಹಿಡಿದು, ಲೆಕ್ಕ ಹಾಕಿ ಮಾಡಿದೆ. ಆ ಲೆಕ್ಕವೇ ಇಲ್ಲಿದೆ.

ಫೋಟೊ ಮಟ್ಟವಾಗಿರಲಿ

ಹಾಲ್ ಫೋಟೊ ಹೊಸದಾಗಿ ತೆಗೆಯಿರಿ. ಫೋನನ್ನು ಮೇಲಕ್ಕೂ ಬಾಗಿಸಬಾರದು, ಕೆಳಕ್ಕೂ ಬಾಗಿಸಬಾರದು. ಬಾಗಿಲ ಚೌಕಟ್ಟಿನ ಎರಡು ನಿಲುವುಗಳು ಪರದೆಯ ಅಂಚಿಗೆ ಸಮವಾಗಿ, ನೆಟ್ಟಗೆ ನಿಂತರೆ ಫೋನ್ ಮಟ್ಟದಲ್ಲಿದೆ ಎಂದರ್ಥ. ಅವು ಮೇಲೆ ಹೋಗ್ತಾ ಹತ್ತಿರವಾದರೆ ಫೋನ್ ಮೇಲಕ್ಕೆ ಬಾಗಿದೆ. ಹಾಗಾದರೆ ಮುಂದಿನ ಲೆಕ್ಕ ಕೈಕೊಡುತ್ತದೆ. ಜಾಗ ಸಾಲದು ಅಂತ 0.5x ಲೆನ್ಸ್‌ಗೆ ಹೋಗಬೇಡಿ. ಅದರಲ್ಲಿ ಅಂಚಿನ ವಸ್ತುಗಳು ಎಳೆದಂತೆ ಅಗಲವಾಗುತ್ತವೆ.

ಅತ್ತಿಗೆ ಮನೆಯಲ್ಲಿ ಹಾಲ್, ಡೈನಿಂಗ್ ಎರಡೂ ಒಂದೇ ಉದ್ದಕ್ಕೆ ಇವೆ. ಡೈನಿಂಗ್ ತುದಿಯಲ್ಲಿ ನಿಂತು, ಎದುರು ಗೋಡೆಗೆ ನೇರ ಮುಖ ಮಾಡಿ ತೆಗೆದೆವು. ಫೋನ್ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಅಂತ ಆಗಲೇ ಟೇಪು ಹಿಡಿದು ಬರೆದುಕೊಂಡೆ: 140 ಸೆಂ.ಮೀ. ಈ ಒಂದು ಅಂಕಿಯ ಮೇಲೇ ಎಲ್ಲಾ ನಿಂತಿದೆ.

ಮಟ್ಟದ ಗೆರೆ ಹುಡುಕಿ

ಮನೆ ಕಟ್ಟುವಾಗ ಗಾರೆ ಕೆಲಸದವರು ನೀರು ತುಂಬಿದ ಸಣ್ಣ ಪೈಪ್ ಹಿಡಿದು ಕೋಣೆಯ ಸುತ್ತ ಒಂದೇ ಮಟ್ಟದಲ್ಲಿ ಗುರುತು ಹಾಕುವುದನ್ನು ನೋಡಿರುತ್ತೀರಿ. ಫೋಟೊದಲ್ಲೂ ಅಂಥದ್ದೇ ಒಂದು ಅಡ್ಡಗೆರೆ ಇದೆ. ಫೋನ್ 140 ಸೆಂ.ಮೀ. ಎತ್ತರದಲ್ಲಿದ್ದರೆ, ಕೋಣೆಯಲ್ಲಿ 140 ಸೆಂ.ಮೀ. ಎತ್ತರದಲ್ಲಿರುವುದೆಲ್ಲ ಆ ಗೆರೆಯ ಮೇಲೇ ಬರುತ್ತದೆ. ಅದು ಹತ್ತಿರ ಇರಲಿ, ದೂರ ಇರಲಿ, ಅಷ್ಟೇ.

ಈ ಗೆರೆಯನ್ನು ತೋರಿಸಿಕೊಡುವುದು ನೆಲದ ಟೈಲ್ಸ್. ಫೋಟೊ ತಿದ್ದಲು ನಾನು GIMP ಬಳಸಿದೆ, ಬೇರೆ ಯಾವುದಾದರೂ ಆದೀತು. ಹೊಸ ಲೇಯರ್ ಮಾಡಿ, ನಿಮ್ಮಿಂದ ದೂರಕ್ಕೆ ಓಡುವ ಟೈಲ್ ಸಂದುಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಒಂದು ಎಡಕ್ಕಿರಲಿ, ಇನ್ನೊಂದು ಬಲಕ್ಕೆ. ಪೆನ್ಸಿಲ್ ಹಿಡಿದು ಸಂದಿನ ಮೇಲೆ ಒಂದು ಕಡೆ ಕ್ಲಿಕ್ ಮಾಡಿ, Shift ಒತ್ತಿ ಅದೇ ನೇರಕ್ಕೆ ಮೇಲೆ ಇನ್ನೊಂದು ಕ್ಲಿಕ್ ಮಾಡಿದರೆ ಗೆರೆ ಬೀಳುತ್ತದೆ. ರೈಲು ಹಳಿಯ ಹಾಗೆ ಎರಡೂ ಗೆರೆ ಒಂದು ಕಡೆ ಕೂಡುತ್ತವೆ. ಆ ಬಿಂದುವಿನ ಮೂಲಕ ಒಂದು ಅಡ್ಡಗೆರೆ ಎಳೆದರೆ ಅದೇ ಮಟ್ಟದ ಗೆರೆ.

ನಮ್ಮ ಫೋಟೊ 4000 x 3000 ಪಿಕ್ಸೆಲ್. ಗೆರೆ ಮೇಲಿನಿಂದ ಎಣಿಸಿದರೆ 1500ಕ್ಕೆ, ಅಂದರೆ ನಡುಮಧ್ಯೆ ಬಂತು. ಮಟ್ಟವಾಗಿ ಹಿಡಿದ, ಅಂಚು ಕತ್ತರಿಸದ ಫೋಟೊದಲ್ಲಿ ಹಾಗೇ ಬರಬೇಕು. ಒಮ್ಮೆ ಬಾಗಿಲಲ್ಲೂ ತಾಳೆ ನೋಡಿದೆ. ಎದುರು ಗೋಡೆಯ ಬಾಗಿಲು 210 ಸೆಂ.ಮೀ. ಎತ್ತರ, ಫೋಟೊದಲ್ಲಿ 840 ಪಿಕ್ಸೆಲ್. ಗೆರೆ ಅದನ್ನು ಕೆಳಗಿನಿಂದ 560 ಪಿಕ್ಸೆಲ್‌ಗೆ, ಅಂದರೆ ಸರಿಯಾಗಿ ಮೂರರಲ್ಲಿ ಎರಡು ಪಾಲಿಗೆ ಕತ್ತರಿಸಿತ್ತು. 210ರ ಮೂರರಲ್ಲಿ ಎರಡು ಪಾಲು ಎಷ್ಟು? 140. ತಾಳೆಯಾಯ್ತು. ಫೋನಿನ ಎತ್ತರ ಅಳೆಯಲು ಮರೆತಿದ್ದರೂ ಬಾಗಿಲಿನಿಂದ ಹೀಗೇ ಪತ್ತೆ ಮಾಡಬಹುದು.

ಅಳತೆ ಕೂರಿಸಿ

ಈಗ ಸೋಫಾದ ಮುಂಗಾಲು ನೆಲಕ್ಕೆ ಮುಟ್ಟಬೇಕಾದ ಜಾಗ ಗುರುತಿಸಿ. ನಮ್ಮದು 2200ಕ್ಕೆ ಬಂತು. ಅಲ್ಲಿಂದ ಮಟ್ಟದ ಗೆರೆಗೆ 700 ಪಿಕ್ಸೆಲ್. ಆ ಜಾಗದಲ್ಲಿ ನೆಲದಿಂದ ಗೆರೆಯವರೆಗಿನ ಎತ್ತರ 140 ಸೆಂ.ಮೀ. ಅಂತ ಗೊತ್ತೇ ಇದೆ. ಅಂದರೆ ಅಲ್ಲಿ ಒಂದು ಸೆಂ.ಮೀ.ಗೆ 5 ಪಿಕ್ಸೆಲ್. ಹಿಂದಿನ ಗೋಡೆಯ ಹತ್ತಿರ ಅದು 4 ಮಾತ್ರ. ಒಂದೇ ಸೋಫಾವನ್ನು ಮುಂದೆ ತಂದರೆ ದೊಡ್ಡದು, ಹಿಂದೆ ತಳ್ಳಿದರೆ ಸಣ್ಣದು ಆಗುವುದು ಇದಕ್ಕೇ.

ಸೋಫಾ 150 ಸೆಂ.ಮೀ. ಅಗಲ. ಹಾಗಾಗಿ ಅದರ ಮುಂಭಾಗ 750 ಪಿಕ್ಸೆಲ್ ಅಗಲ ಇರಬೇಕು. ನಂಬಿಕೆ ಬರದಿದ್ದರೆ ಟೈಲ್ ಎಣಿಸಿ: ನಮ್ಮವು ಎರಡಡಿ ಟೈಲ್ಸ್, ಹೆಚ್ಚುಕಮ್ಮಿ 60 ಸೆಂ.ಮೀ., ಮುಂಗಾಲಿನ ಸಾಲಿನಲ್ಲಿ ಒಂದೊಂದೂ 300 ಪಿಕ್ಸೆಲ್ ಅಗಲ. ಸೋಫಾ ಎರಡೂವರೆ ಟೈಲ್ ಹಿಡಿಯಬೇಕು.

ಎತ್ತರದ ತಾಳೆ ನೋಡುವಾಗ ನಾನು ಒಂದು ತಪ್ಪು ಮಾಡಿದ್ದೆ. ಒರಗುವ ಬೆನ್ನಿನ ಎತ್ತರ 80 ಸೆಂ.ಮೀ. ಅಂತ 400 ಪಿಕ್ಸೆಲ್ ಲೆಕ್ಕ ಹಾಕಿದೆ, ಕೂಡಲಿಲ್ಲ. ಬೆನ್ನು ಇರುವುದು ಹಿಂದೆ ಅಲ್ವಾ! ಅಲ್ಲಿ ಸೆಂ.ಮೀ.ಗೆ 5 ಪಿಕ್ಸೆಲ್ ಇರುವುದಿಲ್ಲ, 4.4ರಷ್ಟಿರುತ್ತದೆ. ಮುಂಗಾಲಿನ ನೇರಕ್ಕೇ ಇರುವ ಸೋಫಾ ಕೈಯ ಮುಂತುದಿಯನ್ನು ನೋಡಿ. ಅದು 60 ಸೆಂ.ಮೀ. ಎತ್ತರವಿದ್ದರೆ 300 ಪಿಕ್ಸೆಲ್.

ಮೊದಲ ಸಲ ಅಂಟಿಸಿದ ಚಿತ್ರಕ್ಕೆ ಇದೇ ಗೆರೆ ಎಳೆದು ನೋಡಿದೆ. ಸೋಫಾದ ಬೆನ್ನು ಗೆರೆಗೇ ತಾಗುತ್ತಿತ್ತು. ಅಂದರೆ 140 ಸೆಂ.ಮೀ. ಎತ್ತರದ ಸೋಫಾ! ಒರಗಿ ಕೂತವರ ತಲೆಯೂ ಆಚೆಗೆ ಕಾಣುವುದಿಲ್ಲ.

ಕೋನ: ಇಲ್ಲಿ ಮೋಸ ಹೋಗಬೇಡಿ

ಅಳತೆ ಸರಿಯಾದರೂ ಸೋಫಾ ಮುಂದಕ್ಕೆ ವಾಲಿದಂತೆಯೋ ಹಿಂದಕ್ಕೆ ಬಿದ್ದಂತೆಯೋ ಕಂಡರೆ ತಪ್ಪು ಚಿತ್ರದ್ದೇ. ಅಂಗಡಿಯವರು ಬಹಳ ಸಲ ತಗ್ಗಿನಿಂದ, ದೂರ ನಿಂತು ಝೂಮ್ ಮಾಡಿ ತೆಗೆದಿರುತ್ತಾರೆ. ಕೂರುವ ಜಾಗದ ಮೇಲ್ಮೈಯನ್ನು ಗಮನಿಸಿ. ನಮ್ಮ ಮಟ್ಟ 140 ಸೆಂ.ಮೀ., ಕೂರುವ ಜಾಗ ಅದಕ್ಕಿಂತ ಎಷ್ಟೋ ಕೆಳಗೆ. ಹಾಗಾಗಿ ಅದು ಚೆನ್ನಾಗಿ ಕಾಣಬೇಕು. ಅಂಗಡಿ ಚಿತ್ರದಲ್ಲಿ ಬರೀ ಒಂದು ತೆಳು ಪಟ್ಟಿ ಕಂಡರೆ ಅದು ನಮ್ಮ ಹಾಲ್‌ಗೆ ಹೊಂದುವುದಿಲ್ಲ.

Perspective ಟೂಲ್ ಹಿಡಿದು ಎಳೆದರಾಯ್ತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನೆಲಹಾಸು, ಗೋಡೆಯ ಚಿತ್ರಪಟ, ಕಿಟಕಿ ಪರದೆಯಂಥ ಚಪ್ಪಟೆ ವಸ್ತುಗಳಿಗೆ ಅದು ಸರಿ. ನೆಲಹಾಸಿನ ಮೂಲೆಗಳನ್ನು ಟೈಲ್ ಸಂದುಗಳಿಗೆ ಕೂರಿಸಿದರೆ ಮುಗೀತು. ಸೋಫಾ ಚಪ್ಪಟೆ ಅಲ್ಲ. ಕ್ಯಾಮೆರಾ ನೋಡದ ಮೇಲ್ಮೈಯನ್ನು ಎಷ್ಟು ಎಳೆದರೂ ತರಲಾಗುವುದಿಲ್ಲ.

ಹಾಗಾಗಿ ಅಂಗಡಿಗೇ ಹೋಗಿ ನಾವೇ ತೆಗೆದೆವು. ಫೋನ್ ಮತ್ತೆ 140 ಸೆಂ.ಮೀ. ಎತ್ತರದಲ್ಲಿ, ಮಟ್ಟವಾಗಿ, ಅದೇ ಲೆನ್ಸ್‌ನಲ್ಲಿ. ಮನೆಯಲ್ಲಿ ಫೋನ್ ಇದ್ದ ಜಾಗದಿಂದ ಸೋಫಾದ ಮುಂಗಾಲಿಗೆ 19 ಅಡಿ ದೂರ ಇತ್ತು. ಅಂಗಡಿಯಲ್ಲೂ ಅಷ್ಟೇ ದೂರ ನಿಂತೆವು. ಹತ್ತಿರ ನಿಂತು ತೆಗೆದರೆ ಮುಂಭಾಗ ಉಬ್ಬಿ ಬೆನ್ನು ಸಣ್ಣದಾಗುತ್ತದೆ. ಹಾಲ್‌ನಲ್ಲಿ ಸೋಫಾ ನಡುವಿಗಿಂತ ಎಡಕ್ಕೆ ಬರಬೇಕಿತ್ತು. ಅಂಗಡಿಯಲ್ಲೂ ಅದು ಪರದೆಯ ಎಡಕ್ಕೆ ಬರುವಂತೆ, ಅಷ್ಟೇ ಅಡಿ ಬಲಕ್ಕೆ ಸರಿದು ನಿಂತೆ. ಇಲ್ಲದಿದ್ದರೆ ಕಾಣಬೇಕಾದ ಪಕ್ಕ ಕಾಣುವುದಿಲ್ಲ.

ಕತ್ತರಿಸಿ ಅಂಟಿಸಿದ ಮೇಲೆ ಹಿಂಗಾಲು ತಾನಾಗಿಯೇ ಗೋಡೆಯಿಂದ ಮೊದಲ ಟೈಲ್ ಸಂದಿನ ಹತ್ತಿರ ಬಂದು ನಿಂತಿತು. ಸೋಫಾ ಕೈಯ ಅಂಚನ್ನು ಹಿಂದಕ್ಕೆ ಗೆರೆ ಎಳೆದು ಬೆಳೆಸಿದರೆ ಅದೂ ಟೈಲ್ಸ್ ಗೆರೆಗಳು ಕೂಡುವ ಬಿಂದುವಿಗೇ ಹೋಯಿತು. ಉಳಿದದ್ದು ನೆರಳು. ಕಾಲು ನೆಲಕ್ಕೆ ಮುಟ್ಟುವ ಕಡೆ ಸಣ್ಣ, ಗಾಢ ನೆರಳು, ಸೋಫಾ ಅಡಿಯಲ್ಲಿ ತೆಳ್ಳಗೆ ಇನ್ನೊಂದು. ಅಷ್ಟು ಹಾಕಿದ್ದೇ ತೇಲುವುದು ನಿಂತಿತು.

ಅತ್ತಿಗೆ ಬಹಳ ಹೊತ್ತು ನೋಡಿದರು. ಬಣ್ಣದ ಬಗ್ಗೆ ಏನಾದರೂ ಹೇಳುತ್ತಾರೆ ಅಂದುಕೊಂಡೆ. ‘ಹಿಂದೆ ಕಸ ಗುಡಿಸೋಕೆ ಜಾಗ ಇದೆಯಾ?’ ಅಂದರು. ಟೈಲ್ ಎಣಿಸಿ ಹೇಳಿದೆ: ಒಂದು ಟೈಲ್, ಎರಡಡಿ.