ನಳ್ಳಿ ನೀರಿನ ಮೂಲ ಅಲ್ಲ: ಮೂರನೇ ಕ್ಲಾಸಿನ ನೀರಿನ ಪಾಠ, ಹುಣಸೆ ಬೀಜದ ಲೆಕ್ಕ

ನೀರಿನ ಪಾಠ ಮಾಡಿದ ಮೊದಲ ವರ್ಷ ಮೂರನೇ ಕ್ಲಾಸಿನ ಮಕ್ಕಳ ಕೈಯಲ್ಲಿ ನಾನೊಂದು ಚೀಟಿ ಕೊಟ್ಟು ಕಳಿಸಿದ್ದೆ. ‘ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಲೀಟರ್ ನೀರು ಖರ್ಚಾಗುತ್ತದೆ?’ ಒಂದೇ ಪ್ರಶ್ನೆ. ಮರುದಿನ ನೋಡಿದರೆ ಅರ್ಧ ಕ್ಲಾಸು 500 ಇಲ್ಲವೇ 1000 ಅಂತ ಬರೆದುಕೊಂಡು ಬಂದಿತ್ತು. ಇಷ್ಟು ಸರಿಯಾಗಿ ಹೇಗೆ ಗೊತ್ತಾಯಿತು ಅಂತ ಒಬ್ಬ ಹುಡುಗನನ್ನು ಕೇಳಿದೆ. “ಟೀಚರ್, ನಮ್ಮ ಟ್ಯಾಂಕಿಯಲ್ಲೇ ಬರೆದುಂಟಲ್ಲ” ಅಂದ. ಮಾಡಿನ ಮೇಲಿನ ಕಪ್ಪು ಟ್ಯಾಂಕಿಯ ಮೇಲಿದ್ದ ಅಂಕಿಯನ್ನು ಅವನು ನೋಡಿ ಬರೆದಿದ್ದ. ತಪ್ಪು ಅವನದ್ದಲ್ಲ, ಪ್ರಶ್ನೆಯದ್ದು.

ಅಲ್ಲಿಂದ ಈಚೆಗೆ ಬೇರೆ ಶಾಲೆಗಳಲ್ಲೂ ಇದೇ ಚೀಟಿ ಓಡಾಡುವುದನ್ನು ನೋಡಿದ್ದೇನೆ. ಈಗ ಅದು ವಾಟ್ಸಾಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಪಾಠಕ್ಕೆ ಒಂದು ದಿನ, ಮನೆಯ ಲೆಕ್ಕಕ್ಕೆ ಒಂದು ಶನಿವಾರ, ಚಿತ್ರಕ್ಕೆ ಇನ್ನೊಂದು ದಿನ, ಮತ್ತೆ ಅಳೆಯಲು ಮರುವಾರದ ಶನಿವಾರ ಸಾಕು.

ಮೊದಲು: ನೀರಿನ ಹಿಂದೆ ಹಿಂದೆ ಹೋಗಿ

‘ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?’ ಅಂತ ಕೇಳಿದರೆ ಮೊದಲ ಉತ್ತರ ‘ನಳ್ಳಿಯಿಂದ’. ಅದನ್ನು ತಪ್ಪು ಅನ್ನಬೇಡಿ. ಬೋರ್ಡಿನ ಬಲತುದಿಯಲ್ಲಿ ಒಂದು ನಳ್ಳಿ ಬಿಡಿಸಿ, ‘ನಳ್ಳಿಗೆ ಎಲ್ಲಿಂದ?’ ಅಂತ ಕೇಳಿ. ಬಂದ ಉತ್ತರಗಳನ್ನು ಎಡಕ್ಕೆ ಬರೆದು ಬಾಣ ಎಳೆಯುತ್ತಾ ಹೋಗಿ. ಪೈಪಿನಿಂದ. ಪೈಪಿಗೆ? ಟ್ಯಾಂಕಿಯಿಂದ. ಟ್ಯಾಂಕಿಗೆ? ಪಂಪಿನಿಂದ. ಪಂಪಿಗೆ? ಇಲ್ಲಿ ಕ್ಲಾಸು ಒಡೆಯುತ್ತದೆ. ಕೆಲವರದ್ದು ಬಾವಿ, ಕೆಲವರದ್ದು ಬೋರು, ತೋಟದ ಮನೆಯವರದ್ದು ಕೆರೆ. ಕಾಸರಗೋಡು ಪೇಟೆಯ ಮಕ್ಕಳದ್ದಾದರೆ ಪಯಸ್ವಿನಿ ಹೊಳೆ. ಪೇಟೆಯ ನಳ್ಳಿ ನೀರು ಬಾವಿಕ್ಕೆರೆಯಲ್ಲಿ ಎತ್ತಿದ ಹೊಳೆಯ ನೀರು. ಅಲ್ಲಿ ಸರಿಯಾದ ಕಟ್ಟ ಆಗುವ ಮೊದಲು ಬೇಸಿಗೆಯಲ್ಲಿ ಸಮುದ್ರದ ನೀರು ಏರಿ ಬಂದು ನಳ್ಳಿ ನೀರೇ ಉಪ್ಪಾಗುತ್ತಿತ್ತು. ಇದನ್ನು ಮಕ್ಕಳಿಗೆ ಹೇಳಿ. ನಳ್ಳಿಯ ಆಚೆ ಒಂದು ಹೊಳೆ ಇದೆ ಅನ್ನುವುದು ಉಪ್ಪಿನ ರುಚಿಯಿಂದ ತಟ್ಟನೆ ಅರ್ಥವಾಗುತ್ತದೆ.

ಬಾಯಾರು, ಎಣ್ಮಕಜೆ ಕಡೆಯ ಶಾಲೆಯಾದರೆ ‘ನಮ್ಮಲ್ಲಿ ಪಂಪೇ ಇಲ್ಲ’ ಅನ್ನುವ ಮಗು ಸಿಕ್ಕೀತು. ಅವರದ್ದು ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ಹೋಗುವಷ್ಟು ಅಗಲದ ದಾರಿ ಅದು. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಒಳಗೆ ಜಿನುಗಿ ತಾನಾಗಿ ಹೊರಗೆ ಹರಿಯುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ತರುತ್ತಿದ್ದರು, ಈಗ ಪೈಪು. ಆ ಮಗುವನ್ನೇ ಮುಂದೆ ಕರೆದು ಹೇಳಿಸಿ, ನೀವು ಹೇಳುವುದಕ್ಕಿಂತ ಚೆನ್ನಾಗಿರುತ್ತದೆ. ಆದರೆ ಸುರಂಗದೊಳಗೆ ಹೋಗಬಾರದು, ಬಾವಿಕಟ್ಟೆಯಿಂದ ಬಗ್ಗಬಾರದು ಅನ್ನುವುದನ್ನು ಅದೇ ಹೊತ್ತಿಗೆ ಗಟ್ಟಿಯಾಗಿ ಹೇಳಿಬಿಡಿ.

ಎಲ್ಲ ಬಾಣಗಳೂ ಕೊನೆಗೆ ಮಳೆಗೆ ಹೋಗಿ ಮುಟ್ಟಬೇಕು. ಅಷ್ಟಾದರೆ ಪಾಠದ ಈ ಭಾಗ ಮುಗಿಯಿತು. ಅಂಗಡಿಯಲ್ಲಿ ಸಿಗುವ ‘ನೀರಿನ ಮೂಲಗಳು’ ಚಾರ್ಟು ತರಬೇಡಿ. ಅದರಲ್ಲಿ ಹಿಮದ ಬೆಟ್ಟ ಇರುತ್ತದೆ, ಸುರಂಗ ಇರುವುದಿಲ್ಲ. ಥರ್ಮೊಕೋಲಿನ ಜಲಚಕ್ರವೂ ಬೇಡ. ಅದನ್ನು ಮಾಡುವುದು ಅಪ್ಪ ಅಮ್ಮ.

ಮಾತಿನ ವಿಷಯ ಒಂದಿದೆ. ನಮ್ಮ ಕನ್ನಡ ಕ್ಲಾಸಿನಲ್ಲಿ ಮನೆಮಾತು ತುಳು, ಮಲಯಾಳ, ಹವ್ಯಕ ಎಲ್ಲ ಇರುತ್ತದೆ. ಬಾವಿ ಅನ್ನುವಾಗ ಗುವೆಲ್, ಕಿಣರ್ ಅಂತ ಕೂಗು ಬಂದರೆ ಅದನ್ನೂ ಬೋರ್ಡಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಮನೆಗೆ ಹೋಗಿ ಅಜ್ಜಿಯನ್ನು ಕೇಳುವಾಗ ಮಗು ತಡವರಿಸುತ್ತದೆ.

ಕಷ್ಟದ ಭಾಗ: ಮನೆಯ ಲೆಕ್ಕ

ಎಂಟು ವರ್ಷದ ಮಗುವಿಗೆ ಲೀಟರಿನಲ್ಲಿ ಅಂದಾಜು ಮಾಡಲು ಬರುವುದಿಲ್ಲ. ದೊಡ್ಡವರಿಗೂ ಬರುವುದಿಲ್ಲ, ಅವರು ಸುಮ್ನೆ ಬರೆಯುತ್ತಾರೆ. ಮಗುವಿಗೆ ಎಣಿಸಲು ಬರುತ್ತದೆ. ಹಾಗಾಗಿ ಲೀಟರ್ ಕೇಳಬೇಡಿ, ಬಾಲ್ದಿ ಎಣಿಸಲು ಹೇಳಿ.

ಕಾಗದ ಬಚ್ಚಲಲ್ಲಿ ಒದ್ದೆಯಾಗಿ ಹರಿಯುತ್ತದೆ. ಪೆನ್ಸಿಲ್ ಹುಡುಕುವಷ್ಟರಲ್ಲಿ ಅಪ್ಪನ ಸ್ನಾನ ಮುಗಿದಿರುತ್ತದೆ. ನಾನು ಕಂಡುಕೊಂಡ ಉಪಾಯ ಗೆರಟೆ ಮತ್ತು ಹುಣಸೆ ಬೀಜ. ಬಚ್ಚಲಿಗೆ ಒಂದು, ಅಡಿಗೆಮನೆಗೆ ಒಂದು, ಬಟ್ಟೆ ಒಗೆಯುವ ಕಲ್ಲಿಗೆ ಒಂದು, ಪಾಯಿಖಾನೆಗೆ ಒಂದು, ಹೀಗೆ ನಾಲ್ಕು ಗೆರಟೆ. ಪಕ್ಕದಲ್ಲಿ ಒಂದೊಂದು ಹಿಡಿ ಬೀಜ. ಯಾರು ಒಂದು ಬಾಲ್ದಿ ಅಥವಾ ಕೊಡಪಾನ ನೀರು ಖರ್ಚು ಮಾಡುತ್ತಾರೋ ಅವರು ಒಂದು ಬೀಜ ಹಾಕಬೇಕು. ಅಜ್ಜಿಗೆ ಓದಲು ಬಾರದಿದ್ದರೂ ತೊಂದರೆಯಿಲ್ಲ. ಹಾಕಿದರಾ ಅಂತ ನೋಡಿಕೊಳ್ಳುವುದು ಮಗುವಿನ ಕೆಲಸ, ಅದನ್ನು ಅವರು ಪೊಲೀಸರ ಹಾಗೆ ಮಾಡುತ್ತಾರೆ.

ದಿನ ಶಾಲೆಗೆ ರಜೆ ಇರುವ ಶನಿವಾರವೇ ಆಗಲಿ. ಶಾಲೆ ಇರುವ ದಿನ ಬಟ್ಟೆ ಒಗೆಯುವ ಹೊತ್ತಿಗೆ ಮಗು ಮನೆಯಲ್ಲಿರುವುದಿಲ್ಲ. ಭಾನುವಾರ ನೆಂಟರು ಬರುತ್ತಾರೆ. ಬೆಳಿಗ್ಗೆ ಮೊದಲು ಎದ್ದವರಿಂದ ಹಿಡಿದು ರಾತ್ರಿ ಮಲಗುವ ತನಕ ಲೆಕ್ಕ.

ಮುಂಚಿನ ದಿನ ಸಂಜೆ ಬಾಲ್ದಿಯನ್ನು ಅಳೆಯಬೇಕು. ಇಲ್ಲಿ ಎಲ್ಲರೂ ತಪ್ಪುತ್ತಾರೆ. ಬಾಲ್ದಿಯ ಅಡಿಯಲ್ಲಿ 16 ಅಂತ ಅಚ್ಚಾಗಿದ್ದರೆ ಅದು ಕಂಠಪೂರ್ತಿ ತುಂಬಿದಾಗಿನ ಲೆಕ್ಕ, ಹಾಗೆ ತುಂಬಿ ಯಾರೂ ಸ್ನಾನ ಮಾಡುವುದಿಲ್ಲ. ಮನೆಯವರು ದಿನಾ ಎಲ್ಲಿಯವರೆಗೆ ತುಂಬುತ್ತಾರೋ ಅಲ್ಲಿಗೆ ಇದ್ದಿಲಿನಿಂದ ಒಂದು ಗೆರೆ ಎಳೆಯಿರಿ. ಆಮೇಲೆ ಒಂದು ಲೀಟರಿನ ಕುಡಿಯುವ ನೀರಿನ ಬಾಟಲಿಯಿಂದ ಎಣಿಸುತ್ತಾ ಸುರಿಯಿರಿ. ಬಾಟಲಿಯ ಚೀಟಿಯಲ್ಲಿ 1 ಲೀಟರ್ ಅಂತ ಇರುವುದನ್ನು ನೋಡಿಕೊಳ್ಳಿ. ಶರಬತ್ತಿನ ಬಾಟಲಿ 600, 750 ಮಿಲಿಲೀಟರಿನದ್ದೂ ಇರುತ್ತದೆ. ಗೆರೆ ಮುಟ್ಟುವಾಗ ಎಷ್ಟು ಬಾಟಲಿ ಆಯಿತೋ ಅಷ್ಟು ಲೀಟರ್. ಕೊಡಪಾನವನ್ನೂ ಹೀಗೆಯೇ ಅಳೆಯಿರಿ. ಅಳೆದ ನೀರನ್ನು ಚೆಲ್ಲಬೇಡಿ, ಸ್ನಾನಕ್ಕೆ ಆಗುತ್ತದೆ. ನೀರು ಉಳಿಸುವ ಪಾಠಕ್ಕೆ ಅಂಗಳ ತುಂಬಾ ನೀರು ಸುರಿದದ್ದನ್ನೂ ನಾನು ಕಂಡಿದ್ದೇನೆ.

ಪಾತ್ರೆ ತೊಳೆಯುವುದು ನಳ್ಳಿಯಡಿಯಲ್ಲಾದರೆ ಬೀಜ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಅದೇ ಬಾಟಲಿ ಬೇಕು. ಅಮ್ಮ ಪಾತ್ರೆ ತೊಳೆಯುವಾಗ ಎಷ್ಟು ತಿರುಗಿಸುತ್ತಾರೋ ಅಷ್ಟೇ ನಳ್ಳಿ ತಿರುಗಿಸಿ ಬಾಟಲಿ ತುಂಬಲು ಎಷ್ಟು ಸೆಕೆಂಡು ಅಂತ ಗಡಿಯಾರ ನೋಡಿ. ಹತ್ತು ಸೆಕೆಂಡಾದರೆ ನಿಮಿಷಕ್ಕೆ ಆರು ಲೀಟರ್. ಆಮೇಲೆ ದಿನದಲ್ಲಿ ನಳ್ಳಿ ಎಷ್ಟು ನಿಮಿಷ ಹರಿಯಿತು ಅಂತ ಬರೆದಿಟ್ಟರಾಯಿತು. ಪಾತ್ರೆ ತಿಕ್ಕುವಾಗ ನಳ್ಳಿ ನಿಲ್ಲಿಸಿದ್ದರೆ ಆ ನಿಮಿಷ ಲೆಕ್ಕಕ್ಕಿಲ್ಲ.

ತೋಟದ ನೀರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟ ಮನೆಯಲ್ಲಿ ಅದರ ಎದುರು ಬಚ್ಚಲಿನ ಲೆಕ್ಕ ಏನೂ ಅಲ್ಲ, ಮಗುವಿಗೆ ‘ನಾವು ಉಳಿಸಿ ಏನಾಗಬೇಕು’ ಅನ್ನಿಸುತ್ತದೆ. ‘ಪಂಪು ಎಷ್ಟು ಗಂಟೆ ಓಡಿತು’ ಅಂತ ಬೇರೆ ಸಾಲಿನಲ್ಲಿ ಬರೆದರೆ ಸಾಕು.

ಮನೆಯ ಹಿರಿಯರಿಗೆ ಒಂದೇ ಪ್ರಶ್ನೆ: ಬಾವಿಯ ನೀರು ಎಲ್ಲಕ್ಕಿಂತ ಕೆಳಗೆ ಹೋಗುವುದು ಯಾವಾಗ, ಆಗ ಎಷ್ಟು ಕೋಲು ನೀರು ಇರುತ್ತದೆ? ಸಾಮಾನ್ಯವಾಗಿ ಉತ್ತರ ಪತ್ತನಾಜೆಯ ಮುಂಚಿನ ದಿನಗಳು, ಅಂದರೆ ಮೇ ತಿಂಗಳು. ಕೋಲು ಅಂದರೆ ಸುಮಾರು ಎರಡೂವರೆ ಅಡಿ ಅಂತ ಕ್ಲಾಸಿನಲ್ಲಿ ದಾರ ಹಿಡಿದು ತೋರಿಸಿ.

ಒಂದು ಮನೆಯ ಲೆಕ್ಕ

ಐದು ಜನರ ಒಂದು ಮನೆಯ ಲೆಕ್ಕ ಹೀಗಿರಬಹುದು. ಬಾಲ್ದಿ ಗೆರೆಯವರೆಗೆ 14 ಲೀಟರ್. ಬಚ್ಚಲ ಗೆರಟೆಯಲ್ಲಿ 9 ಬೀಜ, ಅಂದರೆ 126 ಲೀಟರ್. ಬಟ್ಟೆಗೆ 6 ಬೀಜ, 84. ಪಾಯಿಖಾನೆಯದ್ದು 8 ಲೀಟರಿನ ಸಣ್ಣ ಬಾಲ್ದಿ, 6 ಬೀಜ, 48. ಅಡಿಗೆಗೆ ಮತ್ತು ಕುಡಿಯಲು 10 ಲೀಟರಿನ ಕೊಡಪಾನ ನಾಲ್ಕು, 40. ಪಾತ್ರೆಗೆ ನಳ್ಳಿ ನಿಮಿಷಕ್ಕೆ ಆರು ಲೀಟರಿನ ಹಾಗೆ 15 ನಿಮಿಷ, 90. ಒಟ್ಟು 388.

ಈ 388ನ್ನು ಮಕ್ಕಳ ಎದುರು ಇಟ್ಟರೆ ಅವರಿಗೆ ಏನೂ ಆಗುವುದಿಲ್ಲ, ತಲೆಗೆ ಇಷ್ಟು ಅಂತ ಭಾಗಿಸಲು ಇನ್ನೂ ಕಲಿತಿಲ್ಲ. ಹತ್ತು ಲೀಟರಿಗೆ ಒಂದು ಬಾಲ್ದಿಯ ಚಿತ್ರ ಬಿಡಿಸಲಿ. ಸ್ನಾನಕ್ಕೆ 13, ಪಾತ್ರೆಗೆ 9, ಬಟ್ಟೆಗೆ 8, ಪಾಯಿಖಾನೆಗೆ 5, ಅಡಿಗೆಗೆ 4. ಸಾಲಾಗಿ ಬಿಡಿಸಿದಾಗ ಒಂದು ವಿಷಯ ಅವರಿಗೇ ಕಾಣುತ್ತದೆ: ಬೇಯಿಸಿ, ಕುಡಿದು ಮುಗಿಸಿದ್ದಕ್ಕಿಂತ ಎರಡು ಪಟ್ಟು ಜಾಸ್ತಿ ನೀರು ಅದರ ಪಾತ್ರೆ ತೊಳೆಯಲು ಹೋಗಿದೆ.

ಯಾರ ಮನೆಯಲ್ಲಿ ಹೆಚ್ಚು, ಯಾರಲ್ಲಿ ಕಡಿಮೆ ಅಂತ ಗೋಡೆಗೆ ಅಂಟಿಸಬೇಡಿ. ಕಡಿಮೆ ಬಂದ ಮನೆಯಲ್ಲಿ ಪಕ್ಕದ ಮನೆಯ ಬಾವಿಯಿಂದ ಹೊತ್ತು ತರುತ್ತಿರಬಹುದು, ಅದಕ್ಕೆ ಚಪ್ಪಾಳೆ ತಟ್ಟುವುದು ಸರಿಯಲ್ಲ. ಪ್ರತಿ ಮಗುವಿನ ಹಾಳೆ ಅದರ ಪುಸ್ತಕದಲ್ಲೇ ಇರಲಿ.

ಉಳಿಸುವುದು: ಒಂದೇ ಸಾಲು ಆರಿಸಿ

‘ನೀರೇ ಜೀವ’ ಬರೆಸಿ ಮೆರವಣಿಗೆ ಮಾಡಿಸುವುದು ಸುಲಭ. ಅದರ ಬದಲು, ಚಿತ್ರದಲ್ಲಿ ಉದ್ದವಿರುವ ಸಾಲುಗಳಲ್ಲಿ ಮನೆಯವರು ಒಪ್ಪುವ ಒಂದನ್ನು ಮಗು ಆರಿಸಲಿ. ನಮ್ಮ ಲೆಕ್ಕದ ಮನೆಯಲ್ಲಿ ಪಾತ್ರೆಯ ಸಾಲು. ನಳ್ಳಿಯಡಿ ತೊಳೆಯುವ ಬದಲು ಎರಡು ಟಬ್, ಒಂದರಲ್ಲಿ ಸೋಪಿನದ್ದು, ಇನ್ನೊಂದರಲ್ಲಿ ಚೊಕ್ಕ ನೀರು. ಚೊಕ್ಕ ನೀರನ್ನು ನಡುವೆ ಬದಲಾಯಿಸಿದರೂ 30 ಲೀಟರಿನಲ್ಲಿ ಮುಗಿಯುತ್ತದೆ. ಒಂಬತ್ತು ಬಾಲ್ದಿ ಮೂರಾಗುತ್ತದೆ. ಮೀನು ಹುರಿದ ಕಾವಲಿ ಮಾತ್ರ ಹೀಗೆ ಆಗುವುದಿಲ್ಲ, ಅದನ್ನು ನಳ್ಳಿಯಡಿ ಬಿಡಿ.

ಮರುವಾರದ ಶನಿವಾರ ಆ ಒಂದು ಸಾಲನ್ನು ಮಾತ್ರ ಮತ್ತೆ ಅಳೆಯಲಿ. ಸಂಖ್ಯೆ ಇಳಿಯದೇ ಇದ್ದರೂ ಹಾಗೆಯೇ ಬರೆಯಲಿ. ಮೊದಲ ಶನಿವಾರ ಎಲ್ಲರೂ ಬೀಜ ನೋಡಿ ಹೆದರಿ ಕಡಿಮೆ ಬಳಸಿದ್ದರೆ ಎರಡನೆಯದ್ದೇ ಜಾಸ್ತಿ ಬರುವುದುಂಟು.

ಸಾಧ್ಯವಾದರೆ ಇದನ್ನು ಫೆಬ್ರವರಿಯಲ್ಲಿ ಮಾಡಿ. ಜೂನಿನಲ್ಲಿ ಮಾಡಿದರೆ ಮಾಡಿನ ನೀರಿಗೆ ಇಟ್ಟ ಬಾಲ್ದಿ ತುಂಬಿ ಹರಿಯುತ್ತಿರುತ್ತದೆ, “ಇದಕ್ಕೂ ಬೀಜ ಹಾಕಬೇಕಾ ಟೀಚರ್?” ಅಂತ ಕೇಳುತ್ತಾರೆ.