ಕೋಡ್ ಯಾರ ಫೋನಿಗೆ ಬರುತ್ತದೆ, ನೋಡಿಕೊಂಡಿದ್ದೀರಾ?

(ರಾಯಚೂರಿನ ಕಾಲೇಜೊಂದರಲ್ಲಿ ಸೈಬರ್ ಕ್ಲಬ್ಬಿನ ಸ್ವಯಂಸೇವಕಿಯೊಬ್ಬಳು ಮೊದಲ ವರ್ಷದವರ ಮುಂದೆ ಮಾತಾಡಿದ್ದು.)

ಎಲ್ಲರೂ ಒಂದು ಹಾಳೆ ತೆಗೆಯಿರಿ. ಫೋನ್ ಬೇಡ, ಹಾಳೆ. ಮೇಲೆ ಇನ್‌ಸ್ಟಾಗ್ರಾಂ ಅಂತ ಬರೆಯಿರಿ. ಇವತ್ತು ಅದರ ಪಾಸ್‌ವರ್ಡ್ ಮರೆತರೆ ಕೋಡ್ ಎಲ್ಲಿಗೆ ಬರುತ್ತದೆ? ಯಾವುದೋ ಜಿಮೇಲ್‌ಗೆ, ಇಲ್ಲ ಯಾವುದೋ ನಂಬರಿಗೆ. ಬಾಣ ಹಾಕಿ ಅದನ್ನು ಬರೆಯಿರಿ. ಆ ಜಿಮೇಲ್ ಪಾಸ್‌ವರ್ಡ್ ಮರೆತರೆ? ಮತ್ತೊಂದು ಬಾಣ. ಆ ನಂಬರಿನ ಸಿಮ್ ಯಾರ ಹೆಸರಲ್ಲಿದೆ? ಕೊನೆಯ ಬಾಣ ಅಲ್ಲಿಗೆ. ಈ ಬಾಣಗಳಲ್ಲಿ ಒಂದು ಕಡಿದರೂ ಅಕೌಂಟ್ ಹೋದ ಹಾಗೆ. ಯಾರೋ ಹ್ಯಾಕ್ ಮಾಡಬೇಕು ಅಂತೇನಿಲ್ಲ, ಫೋನ್ ಕಳೆದರೆ ಸಾಕು.

ನನ್ನ ಕ್ಲಾಸ್‌ಮೇಟ್ ಕಥೆ ಹೇಳುತ್ತೇನೆ. ಅವನು ಲಿಂಗಸುಗೂರು ಕಡೆಯವನು. ಹೋದ ವರ್ಷ ಊರಿಂದ ಬರುವಾಗ ಬಸ್ಸಲ್ಲಿ ಫೋನ್ ಹೋಯಿತು. ಸಿಮ್ ಹೋದರೆ ಏನಂತೆ, ಡುಪ್ಲಿಕೇಟ್ ಸಿಮ್ ತಗೊಂಡರಾಯಿತು ಅಂದುಕೊಂಡ. ಆದರೆ ಸಿಮ್ ಇದ್ದದ್ದು ಅವನ ಸೋದರಮಾವನ ಹೆಸರಲ್ಲಿ. ಡುಪ್ಲಿಕೇಟ್ ಕೊಡುವಾಗ ಯಾರ ಹೆಸರಲ್ಲಿದೆಯೋ ಅವರ ಗುರುತನ್ನೇ ನೋಡುತ್ತಾರೆ. ಮಾವ ಗುಳೆ ಹೋಗಿ ಬೆಂಗಳೂರಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ. ಅವನು ಬಂದು ಹೆಬ್ಬೆಟ್ಟು ಕೊಡುವ ಹೊತ್ತಿಗೆ ಹನ್ನೊಂದು ದಿನ. ಹೊಸ ಸಿಮ್ ಹಾಕಿದ ಮೇಲೂ ಮೊದಲ 24 ತಾಸು ಎಸ್‌ಎಂಎಸ್ ಬರಲಿಲ್ಲ. ಅದು ಸಿಮ್ ಕೆಟ್ಟಿದ್ದಲ್ಲ, ಬೇರೆಯವರು ಮೋಸದಿಂದ ನಮ್ಮ ಸಿಮ್ ತೆಗೆಸಿಕೊಂಡು ಓಟಿಪಿ ಹೊಡೆಯಬಾರದು ಅಂತ ಇಟ್ಟ ನಿಯಮ. ಇದು ಗೊತ್ತಿಲ್ಲದೆ ಅವನು ಓಟಿಪಿ ಕಳಿಸು ಕಳಿಸು ಅಂತ ಒತ್ತಿದ್ದೇ ಒತ್ತಿದ್ದು. ಕೊನೆಗೆ ಇನ್‌ಸ್ಟಾಗ್ರಾಂ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಅಂದಿತು.

ಮರುದಿನ ಕೋಡ್ ಬಂತು, ಇನ್‌ಸ್ಟಾಗ್ರಾಂ ಸಿಕ್ಕಿತು. ಜಿಮೇಲ್ ಸಿಗಲಿಲ್ಲ. ಅದಕ್ಕೆ ಕೊಟ್ಟಿದ್ದ ನಂಬರ್ ಅವನು ಹತ್ತನೇ ಕ್ಲಾಸಲ್ಲಿ ಬಳಸಿ ಬಿಟ್ಟಿದ್ದು. ನೋಡ್ರಿ, ಪ್ರಿಪೇಯ್ಡ್ ಸಿಮ್ಮನ್ನು 90 ದಿನ ಏನೂ ಬಳಸದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ಟರೆ ಕಂಪನಿ ಅದನ್ನು ಬಂದ್ ಮಾಡಬಹುದು. ಬಂದ್ ಆದ ಮೇಲೆ ಕನಿಷ್ಠ ಇನ್ನೂ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆಮೇಲೆ ಕೊಡಬಹುದು. ಅಂದರೆ ಇವತ್ತು ಬಿಟ್ಟ ನಂಬರ್ ಆರೇಳು ತಿಂಗಳಲ್ಲಿ ಇನ್ನೊಬ್ಬರ ಕೈಯಲ್ಲಿರಬಹುದು. ನಾವು ಆ ನಂಬರಿಗೆ ಫೋನ್ ಮಾಡಿದರೆ ಎತ್ತಿದ್ದು ಗಂಗಾವತಿಯ ಒಬ್ಬ ಹೆಣ್ಣುಮಗಳು. "ಅಕ್ಕಾರ, ನಿಮಗೊಂದು ಓಟಿಪಿ ಬರ್ತದ" ಅಂದದ್ದೇ ತಡ, ಕಟ್ ಮಾಡಿದರು. ಅವರು ಮಾಡಿದ್ದೇ ಸರಿ ಬಿಡಿ.

ಜಿಮೇಲ್ ಉಳಿದದ್ದು ಅದೃಷ್ಟದಿಂದ. ಅವನ ಅಕ್ಕನ ಹಳೆ ಫೋನಲ್ಲಿ ಆನ್‌ಲೈನ್ ಕ್ಲಾಸಿನ ಕಾಲದಿಂದ ಅದು ಲಾಗಿನ್ ಆಗಿಯೇ ಇತ್ತು. ಊರಿಗೆ ಹೋಗಿ, ಮನೆಯಲ್ಲೇ ಕೂತು g.co/recover ತೆರೆದ. ಅಕ್ಕನ ಫೋನಿಗೆ ಇದು ನೀವೇನಾ ಅನ್ನೋ ಪ್ರಶ್ನೆ ಬಂತು, Yes ಒತ್ತಿದ. ಮೊದಲು ಬಳಸಿದ ಫೋನು, ಮೊದಲು ಬಳಸಿದ ಜಾಗ ಇದ್ದರೆ ಗೂಗಲ್ ಬೇಗ ನಂಬುತ್ತದೆ. ಹಾಸ್ಟೆಲಿನ ಗೆಳೆಯನ ಫೋನಿಂದ ಹತ್ತು ಸಲ ಪ್ರಯತ್ನಿಸುವುದಕ್ಕಿಂತ ಮನೆಯಿಂದ ಒಂದು ಸಲ ಮೇಲು.

ಈಗ ನಿಮ್ಮ ಹಾಳೆಗೆ ಬನ್ನಿ. ಕೆಳಗಿನಿಂದ ಮೇಲಕ್ಕೆ ಸರಿ ಮಾಡೋಣ, ಯಾಕಂದ್ರೆ ಸಿಮ್ ಸರಿ ಇಲ್ಲದೆ ಮೇಲಿನದ್ದೆಲ್ಲ ಸುಮ್ನೆ.

ಮೊದಲು ಸಿಮ್. ಬೇರೆಯವರ ಹೆಸರಲ್ಲಿದ್ದರೆ, ನಿಮಗೆ 18 ಆಗಿದ್ದರೆ, ಅವರನ್ನು ಕರಕೊಂಡು ಕಂಪನಿಯ ಅಂಗಡಿಗೆ ಹೋಗಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. 18 ಆಗಿಲ್ಲವೇ? ಹೆಸರಿರುವವರು ಎಲ್ಲಿದ್ದಾರೆ, ಕರೆದರೆ ಎಷ್ಟು ದಿನಕ್ಕೆ ಬರುತ್ತಾರೆ, ಅಷ್ಟಾದರೂ ತಿಳಿದಿರಲಿ.

ಎರಡನೆಯದು ಜಿಮೇಲ್. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. myaccount.google.com ತೆರೆದು Security ಅಂತ ಇರುವ ಭಾಗಕ್ಕೆ ಹೋಗಿ. ಅಲ್ಲಿ Recovery phone, Recovery email ಅಂತ ಎರಡು ಸಾಲುಗಳಿವೆ. ನಿಮ್ಮಲ್ಲಿ ಅರ್ಧ ಜನರ ಜಿಮೇಲ್ ಮೊಬೈಲ್ ಅಂಗಡಿಯವನು ಮಾಡಿಕೊಟ್ಟಿದ್ದು, ಅಲ್ವಾ? ಅಲ್ಲಿ ಅವನ ನಂಬರೇ ಇರಬಹುದು. ತೆಗೆಯಿರಿ. ಈಗಿನ ನಿಮ್ಮ ನಂಬರ್ ಹಾಕಿ, ಇಮೇಲಿಗೆ ಅಕ್ಕನದೋ ಅಪ್ಪನದೋ ಹಾಕಿ. ಬದಲಾಯಿಸಿದ ಮೇಲೂ ಒಂದು ವಾರ ಹಳೆಯದಕ್ಕೆ ಕೋಡ್ ಹೋಗುವ ಅವಕಾಶ ಗೂಗಲ್ ಇಟ್ಟಿರುತ್ತದೆ. ಕಳ್ಳ ನಂಬರ್ ಬದಲಾಯಿಸಿದರೆ ನಿಮಗೆ ಸಿಗುವ ಸಮಯವೂ ಅದೇ ವಾರ. ಜಿಮೇಲ್ ಇಷ್ಟು ಮುಖ್ಯ ಯಾಕೆ ಅಂದರೆ, ಇನ್‌ಸ್ಟಾಗ್ರಾಂನಲ್ಲಿ ಯಾರಾದರೂ ನಿಮ್ಮ ಇಮೇಲ್ ಬದಲಾಯಿಸಿದರೆ security@mail.instagram.com ಇಂದ ಹಳೆ ಇಮೇಲಿಗೆ ಒಂದು ಪತ್ರ ಬರುತ್ತದೆ. ಇದು ನಾನಲ್ಲ ಅಂತ ವಾಪಸ್ ತಿರುಗಿಸುವ ಲಿಂಕ್ ಅದರಲ್ಲಿರುತ್ತದೆ. ಆ ಜಿಮೇಲೇ ನಿಮ್ಮ ಕೈಯಲ್ಲಿಲ್ಲದಿದ್ದರೆ ಲಿಂಕ್ ಬಂದೇನು ಫಲ?

ಮೂರನೆಯದು ಕಾಗದದ ಕೋಡು. ಎರಡು ಹಂತದ ಲಾಗಿನ್ ಆನ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಫೋನೇ ಕಳೆದಾಗ ಏನು ಅಂತ ಯಾರೂ ಹೇಳಲ್ಲ. ಅದೇ ಜಾಗದಲ್ಲಿ, 2-Step Verification ಒಳಗೆ, Backup codes ಅಂತ ಇದೆ. ಹತ್ತು ಕೋಡ್ ಸಿಗುತ್ತವೆ, ಒಂದೊಂದಕ್ಕೂ ಎಂಟು ಅಂಕಿ, ಒಂದು ಸಲ ಬಳಸಿದರೆ ಅದು ಮುಗಿಯಿತು. ಕೈಯಲ್ಲಿ ಬರೆದುಕೊಳ್ಳಿ. ಸ್ಕ್ರೀನ್‌ಶಾಟ್ ಬೇಡ, ಕಳೆಯುವ ಫೋನಿನೊಳಗೇ ಅದೂ ಇರುತ್ತದೆ. ಒಂದು ಪ್ರತಿ ಹಾಸ್ಟೆಲಿನ ಟ್ರಂಕಲ್ಲಿ, ಒಂದು ಊರಲ್ಲಿ ಅವ್ವನ ಹತ್ತಿರ, ರೇಷನ್ ಕಾರ್ಡ್ ಇಡುವ ಜಾಗದಲ್ಲಿ. ಹೊಸ ಪಟ್ಟಿ ತೆಗೆದರೆ ಹಳೆಯದು ಸತ್ತಂತೆ, ಆಗ ಎರಡೂ ಪ್ರತಿ ಬದಲಾಯಿಸಬೇಕು. ಇನ್‌ಸ್ಟಾಗ್ರಾಂನಲ್ಲೂ ಎರಡು ಹಂತದ ಲಾಗಿನ್ ಆನ್ ಮಾಡಿದರೆ ಇಂಥವೇ ಕೋಡ್‌ಗಳು ಸಿಗುತ್ತವೆ.

ವಾಟ್ಸಾಪ್ ಬಗ್ಗೆ ಒಂದೇ ಮಾತು. ಆರಂಕಿಯ ಪಿನ್ ಇಟ್ಟಾಗ ಇಮೇಲ್ ಕೇಳುತ್ತದೆ, ಸ್ಕಿಪ್ ಒತ್ತಬೇಡಿ. ಇಮೇಲ್ ಕೊಡದೆ ಪಿನ್ ಮರೆತವರು ಏಳು ದಿನ ಕಾಯಬೇಕಾಗುತ್ತದೆ.

ಕೊನೆಯದು ಪರೀಕ್ಷೆ. ಬರೆದಿಟ್ಟದ್ದು ನಿಜಕ್ಕೂ ನಡೆಯುತ್ತದೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ನಿಮ್ಮ ಫೋನಿನ ಬ್ರೌಸರಿನಲ್ಲೇ ಇನ್‌ಕಾಗ್ನಿಟೋ ಕಿಟಕಿ ತೆರೆದು ಜಿಮೇಲ್‌ಗೆ ಲಾಗಿನ್ ಆಗಿ. ಪಾಸ್‌ವರ್ಡ್ ಹಾಕಿದ ಮೇಲೆ Try another way ಒತ್ತಿ, ಬ್ಯಾಕಪ್ ಕೋಡ್ ಆರಿಸಿ, ಹಾಳೆಯ ಮೊದಲ ಕೋಡ್ ಹಾಕಿ. ಒಳಗೆ ಹೋದಿರಾ? ಆ ಕೋಡಿಗೆ ಅಡ್ಡ ಗೆರೆ ಎಳೆಯಿರಿ, ಒಂಬತ್ತು ಉಳಿದವು. ಪಾಸ್‌ವರ್ಡೇ ನೆನಪಿಲ್ಲ ಅಂದರೆ ಅದೂ ಇವತ್ತೇ ಗೊತ್ತಾಯಿತಲ್ಲ, ಫೋನ್ ಇನ್ನೂ ಕೈಯಲ್ಲಿದೆ, ಈಗಲೇ ಹೊಸದು ಇಡಿ.

ಹಾಂ, ಅಕೌಂಟ್ ಹೋಯಿತು ಅಂತ ಸ್ಟೋರಿ ಹಾಕಿದ ತಕ್ಷಣ "ನಾನು ವಾಪಸ್ ತರಿಸಿ ಕೊಡ್ತೀನಿ, ಎರಡು ಸಾವಿರ ಕೊಡಿ" ಅಂತ ಮೆಸೇಜ್ ಬರುತ್ತವೆ. ಕೊಡಬೇಡಿ, ಅವರಿಗೆ ನಿಮಗಿಂತ ಹೆಚ್ಚಿನ ದಾರಿ ಯಾವುದೂ ಇಲ್ಲ. ಇನ್‌ಸ್ಟಾಗ್ರಾಂ ಕದ್ದಿದ್ದರೆ, ಆ ಪತ್ರದ ಲಿಂಕೂ ಸಿಗದಿದ್ದರೆ, instagram.com/hacked ಬಾಗಿಲು ತಟ್ಟಿ. ಕದ್ದವನು ನಿಮ್ಮ ಹೆಸರಲ್ಲಿ ಗೆಳೆಯರಿಂದ ದುಡ್ಡು ಎತ್ತಿದ್ದರೆ, ದುಡ್ಡು ಕಳಕೊಂಡವರು ಕೂಡಲೇ 1930ಕ್ಕೆ ಫೋನ್ ಮಾಡಲಿ.

ಸರಿ, ಹಾಳೆ ಮೇಲೆತ್ತಿ. ಕೊನೆಯ ಬಾಣದಲ್ಲಿ ಮಾವನ ಹೆಸರೋ ಕಾಕಾನ ಹೆಸರೋ ಇರುವವರು ಈ ಕಡೆ ಬನ್ನಿ, ನಿಮ್ಮದು ಮೊದಲು ನೋಡೋಣ.